ಅಡಿಟಿಪ್ಪಣಿ ಮೇಷ್ಟ್ರು

ಪ್ರಬಂಧವನ್ನು ಮುಂದಿನಿಂದ ಓದುವವರದು ಒಂದು ಜಾತಿ, ಹಿಂದಿನಿಂದ ಓದುವವರದು ಇನ್ನೊಂದು. ಎರಡನೆಯ ಜಾತಿಯವರು ಪ್ರತಿ ಸ್ನಾತಕೋತ್ತರ ವಿಭಾಗದಲ್ಲೂ ಒಬ್ಬರಾದರೂ ಇರುತ್ತಾರೆ. ಚಾಮರಾಜನಗರದಲ್ಲಿ ನಮ್ಮ ಪಾಲಿಗೆ ಬಂದವರಿಗೆ ಹುಡುಗರು ಅಡಿಟಿಪ್ಪಣಿ ಮೇಷ್ಟ್ರು ಎಂದು ಹೆಸರಿಟ್ಟಿದ್ದಾರೆ. ಅರ್ಪಣೆ, ಪೀಠಿಕೆ, ಅಧ್ಯಾಯ ಯಾವುದನ್ನೂ ಮುಟ್ಟದೆ ಅವರು ನೇರವಾಗಿ ಗ್ರಂಥಋಣಕ್ಕೆ ಕೈಹಾಕುತ್ತಾರೆ. ನಾನೂ ಮೊದಲು ತೆರೆಯುವುದು ಅದೇ ಪುಟವನ್ನು, ಆದರೆ ನನ್ನ ಪುಸ್ತಕ ಅಲ್ಲಿದೆಯೇ ಎಂದು ನೋಡಲು. ಇಲ್ಲದಿದ್ದರೆ ಅಭ್ಯರ್ಥಿಯ ಅಧ್ಯಯನ ಸಾಲದು ಎಂಬ ಅಭಿಪ್ರಾಯ ಆಗಲೇ ಮೂಡಿಬಿಡುತ್ತದೆ.

ಮೇಷ್ಟ್ರಿಗೆ ಮದುವೆಯ ಕರೆಯೋಲೆ ಕೊಟ್ಟರೂ ಮೊದಲು ಜೇಬಿನಿಂದ ಕೆಂಪು ಪೆನ್ನು ತೆಗೆಯುತ್ತಾರೆ. ಗುಂಡ್ಲುಪೇಟೆಯಲ್ಲೊಂದು ಆರತಕ್ಷತೆಯಲ್ಲಿ, ವರನ ತಂದೆಯ ಇನಿಷಿಯಲ್ ಹೆಸರಿನ ಹಿಂದಿದೆ, ವಧುವಿನ ತಂದೆಯದು ಮುಂದಿದೆ, ಯಾವುದಾದರೂ ಒಂದು ಮಾಡಿ ಎಂದು ಬೀಗರಿಗೇ ಹೇಳಿಬಂದರು.

ಇನಿಷಿಯಲ್ ವಿಚಾರದಲ್ಲಿ ಅವರ ಸಿಟ್ಟಿಗೆ ಕಾರಣವಿದೆ. ಕನ್ನಡ ಗ್ರಂಥಋಣದಲ್ಲಿ ಲೇಖಕರನ್ನು ಇನಿಷಿಯಲ್ ಹಿಡಿದು ಅಕಾರಾದಿ ಹಚ್ಚಿದರೆ ಚಿದಾನಂದಮೂರ್ತಿ, ಕಲಬುರ್ಗಿ, ತಿಪ್ಪೇರುದ್ರಸ್ವಾಮಿ, ಬಸವರಾಜು ಎಲ್ಲರೂ ‘ಎ’ ಅಕ್ಷರದ ಕೆಳಗೆ ಸಾಲುಗಟ್ಟಿ ನಿಲ್ಲುತ್ತಾರೆ. ಇಂಗ್ಲಿಷ್ ಮಾದರಿ ನೋಡಿ ಕೊನೆಯ ತುಂಡನ್ನು ಮುಂದೆ ತಂದರೆ ‘ಮೂರ್ತಿ, ಎಂ. ಚಿದಾನಂದ’ ಎಂಬ ಹೊಸ ಲೇಖಕರು ಹುಟ್ಟುತ್ತಾರೆ. ‘ಚಿದಾನಂದಮೂರ್ತಿ, ಎಂ.’ ಎಂದರೆ ಸರಿ. ಆದರೆ ಒಂದೇ ಪಟ್ಟಿಯಲ್ಲಿ ಮೂರೂ ಬಗೆ ಇದ್ದರೆ ಮೇಷ್ಟ್ರ ರಕ್ತದೊತ್ತಡ ಏರುತ್ತದೆ. ‘ಸಂ.’ ಎಂಬುದನ್ನು ಒಂದು ಕಡೆ ಸಂಪಾದಕರಿಗೆ, ಮುಂದಿನ ಸಾಲಲ್ಲಿ ಸಂಪುಟಕ್ಕೆ, ಅದರ ಮುಂದೆ ಸಂಚಿಕೆಗೆ ಬಳಸಿದ್ದರೆ ಅವತ್ತು ಮನೆಯವರಿಗೂ ಶಾಂತಿಯಿಲ್ಲ.

ಅವರ ಜೊತೆ ಎರಡನೆಯ ಪರೀಕ್ಷಕನಾಗಿ ಕೂರುವ ಯೋಗ ನನಗೂ ಬಂತು. ಆ ಸಲ ಎರಡು ಕಿರುಪ್ರಬಂಧಗಳು ಗುಂಡ್ಲುಪೇಟೆ ತಾಲ್ಲೂಕಿನ ಶಾಸನಗಳ ಮೇಲೆ ಇದ್ದವು. ಬರವಣಿಗೆಗೆ 80, ಮೌಖಿಕಕ್ಕೆ 20. ಎಂಬತ್ತರಲ್ಲಿ ಉಲ್ಲೇಖ ಮತ್ತು ಗ್ರಂಥಋಣಕ್ಕೆ 8, ಆಕರಗಳ ಬಳಕೆಗೆ 20.

ಮೊದಲನೆಯದು ತೆರಕಣಾಂಬಿ ಕಡೆಯ ಹುಡುಗಿಯದು. ಪಟ್ಟಿ ನೋಡಿದರೆ ಅಯ್ಯೋ ಎನ್ನಬೇಕು. ಪ್ರಕಟಣೆಯ ವರ್ಷ ಒಂದು ಕಡೆ ಹೆಸರಿನ ಪಕ್ಕ ಕಂಸದಲ್ಲಿ, ಇನ್ನೊಂದು ಕಡೆ ಸಾಲಿನ ಕೊನೆಯಲ್ಲಿ. ಮೇಷ್ಟ್ರು ಕೆಂಪು ಗೆರೆ ಎಳೆಯುತ್ತ 41 ತಪ್ಪು ಎಣಿಸಿದರು. ತಪ್ಪಿಗೆ ಅರ್ಧ ಅಂಕದಂತೆ ಇಪ್ಪತ್ತೂವರೆ. ಇರುವ ಎಂಟರಲ್ಲಿ ಅದನ್ನು ಕಳೆದರೆ ಹುಡುಗಿಯೇ ವಿಭಾಗಕ್ಕೆ ಹನ್ನೆರಡೂವರೆ ಅಂಕ ಬಾಕಿ.

“ಇದೇನ್ ಸಾರ್, ಕಂದಾಯ ವಸೂಲಿನಾ?” ಎಂದೆ.

ಅವರು ನಗಲಿಲ್ಲ. ಆದರೆ ಪಟ್ಟಿಯನ್ನು ಮತ್ತೆ ನೋಡಿದರು. 41ರಲ್ಲಿ 39 ತಪ್ಪುಗಳು ಮೂರೇ ಅಭ್ಯಾಸಗಳ ಪುನರಾವರ್ತನೆ: ವರ್ಷದ ಜಾಗ, ‘ಸಂ.’ ಗೊಂದಲ, ಇನಿಷಿಯಲ್. ಉಳಿದ ಎರಡರಲ್ಲಿ ಮಾತ್ರ ಪುಟಸಂಖ್ಯೆಯೇ ಇರಲಿಲ್ಲ. “ಒಂದು ಅಭ್ಯಾಸಕ್ಕೆ ಒಂದೇ ಸಲ ದಂಡ,” ಎಂದು ತಾವೇ ತೀರ್ಪು ಕೊಟ್ಟರು. ಮೂರಕ್ಕೆ ಒಂದೂವರೆ, ಪುಟವಿಲ್ಲದ ಎರಡಕ್ಕೆ ಒಂದು. ಎಂಟರಲ್ಲಿ ಐದೂವರೆ ಉಳಿಯಿತು.

ಎರಡನೆಯದು ಒಬ್ಬ ಹುಡುಗನದು. ಅಲ್ಪವಿರಾಮವೂ ಅಲುಗದ ಅಚ್ಚುಕಟ್ಟು. ನಾನು ಎಂಟಕ್ಕೆ ಎಂಟು ಬರೆಯಲು ಪೆನ್ನು ತೆರೆದಿದ್ದೆ. ಮೇಷ್ಟ್ರು “ಸ್ವಲ್ಪ ತಡೀರಿ” ಎಂದು ಲೈಬ್ರರಿಗೆ ಹೋಗಿ ದಪ್ಪ ಸಂಪುಟವೊಂದನ್ನು ಹೊತ್ತುತಂದರು.

ಅವರಿಗೆ ಕಂಡದ್ದು ಇದು. ಗ್ರಂಥಋಣದಲ್ಲಿ ಎಪಿಗ್ರಾಫಿಯಾ ಕರ್ನಾಟಿಕ, ಸಂಪುಟ 3, 1974 ಎಂದಿದೆ. ಅಡಿಟಿಪ್ಪಣಿಗಳಲ್ಲಿ ಮಾತ್ರ ‘ಎ.ಕ. 4, ಗುಂ.’ ಎಂದು ಬರೆದು ಮುಂದೆ ಶಾಸನದ ಸಂಖ್ಯೆ. ಬಿ. ಎಲ್. ರೈಸ್ 1898ರಲ್ಲಿ ತಂದ ಹಳೆಯ ನಾಲ್ಕನೆಯ ಸಂಪುಟದಲ್ಲಿ ಚಾಮರಾಜನಗರ, ಗುಂಡ್ಲುಪೇಟೆ ಎರಡೂ ಇದ್ದವು. ಮೈಸೂರು ವಿಶ್ವವಿದ್ಯಾನಿಲಯ ಪರಿಷ್ಕರಿಸಿದಾಗ ಗುಂಡ್ಲುಪೇಟೆ ನಂಜನಗೂಡು, ಹೆಗ್ಗಡದೇವನಕೋಟೆಗಳ ಜೊತೆ ಮೂರನೆಯ ಸಂಪುಟಕ್ಕೆ ಹೋಯಿತು. ಚಾಮರಾಜನಗರ ನಾಲ್ಕರಲ್ಲೇ ಉಳಿಯಿತು. ಹೊಸದಾಗಿ ಸಿಕ್ಕ ಕಲ್ಲುಗಳೂ ಸೇರಿದ್ದರಿಂದ ಶಾಸನಗಳ ಸಂಖ್ಯೆಯೂ ಬದಲಾಯಿತು. ಹಾಗಾಗಿ ಚಾಮರಾಜನಗರದ ಶಾಸನವನ್ನು ಹಳೆಯ ಸಂಖ್ಯೆಯಲ್ಲಿ ಉಲ್ಲೇಖಿಸಿದರೆ ಸಂಪುಟ ತಾಳೆಯಾಗುತ್ತದೆ, ತಪ್ಪು ಅಡಗಿಕೊಳ್ಳುತ್ತದೆ. ಗುಂಡ್ಲುಪೇಟೆಯದಾದರೆ ಸಂಪುಟದ ಅಂಕಿಯೇ ಕಳ್ಳನನ್ನು ಹಿಡಿದುಕೊಡುತ್ತದೆ.

“ಕಳ್ಳ ಅನ್ನಬೇಡಿ,” ಎಂದರು ಮೇಷ್ಟ್ರು, ನಾನು ಆ ಮಾತು ಆಡಿದ ಕೂಡಲೇ. ಪಟ್ಟಿಯಲ್ಲಿ ರೈಸ್ ಅವರ ಸಂಪುಟವೂ ಇದೆಯೇ ನೋಡಿದರು. ಇದ್ದಿದ್ದರೆ ಎರಡೂ ಆವೃತ್ತಿ ಬಳಸಿ ಗೊಂದಲ ಮಾಡಿಕೊಂಡಿದ್ದಾನೆ ಎನ್ನಬಹುದಿತ್ತು. ಇರಲಿಲ್ಲ. ಹತ್ತು ಅಡಿಟಿಪ್ಪಣಿ ಆರಿಸಿ ಒಂದೊಂದನ್ನೂ 1974ರ ಸಂಪುಟದಲ್ಲಿ ತೆರೆದರು. ತ್ರಿಯಂಬಕಪುರದ್ದು ಎಂದು ಬರೆದ ಸಂಖ್ಯೆಯಲ್ಲಿ ಬೇರೆ ಊರಿನ ಕಲ್ಲು ಎದ್ದುಬಂತು. ಹತ್ತರಲ್ಲಿ ಏಳು ಹೀಗೆಯೇ.

ಮೌಖಿಕದಲ್ಲಿ ಕೇಳಿದಾಗ ಹುಡುಗ ಒಪ್ಪಿಕೊಂಡ. ಶಾಸನ ಸಂಪುಟ ತೆರೆದಿರಲಿಲ್ಲ, ಹಳೆಯದೊಂದು ಪುಸ್ತಕದ ಅಡಿಟಿಪ್ಪಣಿಗಳನ್ನು ಇಳಿಸಿಕೊಂಡಿದ್ದ. “ಆ ಪುಸ್ತಕದಲ್ಲಿ ಉದ್ಧೃತ ಅಂತ ಒಂದು ಮಾತು ಸೇರಿಸಿದ್ದರೆ ನಿನ್ನದು ತಪ್ಪೇ ಅಲ್ಲವಲ್ಲಪ್ಪ,” ಎಂದರು ಮೇಷ್ಟ್ರು. ಧ್ವನಿಯಲ್ಲಿ ಸಿಟ್ಟಿಗಿಂತ ಸಂಕಟ ಹೆಚ್ಚಿತ್ತು.

ಆ ಹುಡುಗಿಗೂ ಅದೇ ಪ್ರಶ್ನೆ ಹಾಕಿದರು. ಅವಳು ಎಲ್ಲ ಶಾಸನಕ್ಕೂ ‘3, 1974’ ಎಂದೇ ಬರೆದು, ಒಂದಕ್ಕೆ ಕಲ್ಲು ಈಗ ಎಲ್ಲಿದೆ ಎಂದೂ ಸೇರಿಸಿದ್ದಳು. “ನಮ್ಮೂರ ಹೊಲ್ದ ಬದೀಲೇ ಅದ ಸಾ, ಹೋಗಿ ನೋಡ್ದಿ,” ಎಂದಳು. ಮೇಷ್ಟ್ರು ತಲೆ ತಗ್ಗಿಸಿ ಏನೋ ಬರೆದುಕೊಂಡರು.

ಆಮೇಲೆ ಚಹಾ ಕುಡಿಯುವಾಗ ಹೇಳಿದರು. ತಾವು ಓದುವ ಕಾಲದಲ್ಲಿ ಯಾರೋ ಬರೆದ ಸಂಖ್ಯೆ ನಂಬಿ ಬಸ್ಸು ಹತ್ತಿ, ಬಿಸಿಲಲ್ಲಿ ಊರೆಲ್ಲ ಸುತ್ತಿ, ಇಲ್ಲದ ಶಾಸನ ಹುಡುಕಿದ್ದರಂತೆ. ಊರಿನವರು ಪಾಪ, ನಿಧಿ ಹುಡುಕಲು ಬಂದವನೆಂದು ಹಿಂದೆಯೇ ಬಂದರಂತೆ. ಅಷ್ಟು ವರ್ಷ ಅವರನ್ನು ಅಲ್ಪವಿರಾಮದ ಪಿಶಾಚಿ ಎಂದೇ ತಿಳಿದಿದ್ದೆ. ಅವರು ಹುಡುಕುತ್ತಿದ್ದದ್ದು, ಪುಟ ಹಿಡಿದು ಹೋದವನು ಊರು ಮುಟ್ಟುತ್ತಾನೋ ಇಲ್ಲವೋ ಎಂದು. ಅಲ್ಪವಿರಾಮದ ಚಟ ಬೇರೆ, ಅದಕ್ಕೆ ಔಷಧವಿಲ್ಲ.

ಹುಡುಗನಿಗೆ ಉಲ್ಲೇಖದಲ್ಲಿ ಎಂಟಕ್ಕೆ ಮೂರು ಸಿಕ್ಕಿತು, ಅದೂ ಅಚ್ಚುಕಟ್ಟಿಗೆ. ದೊಡ್ಡ ಪೆಟ್ಟು ಬಿದ್ದದ್ದು ಆಕರಗಳ ಬಳಕೆಯಲ್ಲಿ: ಇಪ್ಪತ್ತಕ್ಕೆ ಒಂಬತ್ತು. ನೋಡದ ಆಕರವನ್ನು ನೋಡಿದೆನೆಂದರೆ ಅದು ಗ್ರಂಥಋಣದ ಎಂಟು ಅಂಕದೊಳಗೆ ಮುಗಿಯುವ ಲೆಕ್ಕವಲ್ಲ, ವಾದವೇ ನಿಂತ ನೆಲದ್ದು ಎಂಬುದು ಮೇಷ್ಟ್ರ ನಿಲುವು. ಹುಡುಗಿಗೆ ಅಲ್ಲಿ ಹದಿನೇಳು. ನಾನು ಎರಡಕ್ಕೂ ಸಹಿ ಹಾಕಿದೆ.

ಗುಂಡ್ಲುಪೇಟೆಯ ಶಾಸನ ಉಲ್ಲೇಖಿಸುವವರಲ್ಲಿ ಒಂದು ಮನವಿ: ಆವೃತ್ತಿಯ ವರ್ಷ ಬರೆಯಿರಿ. 1898 ಆದರೆ ಸಂಪುಟ 4, 1974 ಆದರೆ ಸಂಪುಟ 3. ಮೇಷ್ಟ್ರು ಇನ್ನೂ ನಿವೃತ್ತರಾಗಿಲ್ಲ.