ಬಟ್ಟೆ ಬದಲಿಸುವುದೂ ಒಂದು ಕ್ರೀಡೆ

ಟ್ರಯಾಥ್ಲಾನ್ ಎಂಬ ಸ್ಪರ್ಧೆಯಲ್ಲಿ ಈಜು, ಸೈಕಲ್ ಸವಾರಿ ಮತ್ತು ಓಟ ಎಂಬ ಮೂರು ಕ್ರೀಡೆಗಳನ್ನು ಒಂದಾದ ಮೇಲೊಂದರಂತೆ ಗಡಿಯಾರ ನಿಲ್ಲಿಸದೆ ಮುಗಿಸಬೇಕೆಂಬುದು ಲೋಕರೂಢಿಯ ತಿಳಿವಳಿಕೆಯಾಗಿದ್ದರೂ, ಸ್ಪರ್ಧಿಯ ಮಣಿಕಟ್ಟಿನ ಮೇಲೆ ಕುಳಿತ ಸ್ಪೋರ್ಟ್ಸ್ ವಾಚ್ ಈ ಲೆಕ್ಕವನ್ನು ಒಪ್ಪುವುದಿಲ್ಲ. ಅದರ ಪ್ರಕಾರ ಕ್ರೀಡೆಗಳು ಐದು. ನೀರಿನಿಂದ ಎದ್ದು ಬಂದು ಸೈಕಲ್ ಏರುವವರೆಗಿನ ಅವಧಿಗೆ ಟಿ-1 ಎಂದೂ, ಸೈಕಲ್ ಇಳಿದು ಓಡತೊಡಗುವವರೆಗಿನ ಅವಧಿಗೆ ಟಿ-2 ಎಂದೂ ಹೆಸರಿದ್ದು, ಇವೆರಡಕ್ಕೂ ಸೇರಿ ಟ್ರಾನ್ಸಿಷನ್ ಎನ್ನುತ್ತಾರೆ. ವಾಚುಗಳು ತಮ್ಮ ದಾಖಲೆಯನ್ನು ಬರೆದಿಡಲು ವ್ಯಾಪಕವಾಗಿ ಬಳಸುವ, ಗಾರ್ಮಿನ್ ಕಂಪನಿ ರೂಪಿಸಿದ ಫಿಟ್ ಎಂಬ ಕಡತದ ಮಾದರಿಯಲ್ಲಿ ಪ್ರತಿಯೊಂದು ಕ್ರೀಡೆಗೂ ಒಂದು ಸಂಖ್ಯೆಯನ್ನು ಕೊಡಲಾಗಿದ್ದು, ಅಲ್ಲಿ ಓಟಕ್ಕೆ 1, ಸೈಕಲ್ ಸವಾರಿಗೆ 2, ಟ್ರಾನ್ಸಿಷನ್‌ಗೆ 3 ಎಂದು ನಮೂದಾಗಿದೆ. ಈಜಿನ ಸರದಿ ಬರುವುದು 5ರಲ್ಲಿ. ಒದ್ದೆ ಪಾದಕ್ಕೆ ಕಾಲುಚೀಲ ಏರಿಸುವ ಕಸರತ್ತನ್ನು ಕ್ರೀಡೆಗಳ ಪಟ್ಟಿಯಲ್ಲಿ ಈಜಿಗಿಂತ ಮುಂದೆ ಕೂರಿಸಿದವರು ಅದನ್ನು ಒಮ್ಮೆಯಾದರೂ ಸ್ವತಃ ಮಾಡಿ ನೋಡಿದವರೇ ಇರಬೇಕೆಂದು ಊಹಿಸಲು ಅವಕಾಶವಿದೆ.

ಈ ಗೌರವ ಅನರ್ಹವಾದುದಲ್ಲ ಎಂಬುದನ್ನು ತಿಳಿಯಲು ಗೋವಾದ ಮೀರಾಮಾರ್ ಕಡಲತೀರವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. 2019ರಲ್ಲಿ ಅಲ್ಲಿ ಮೊದಲ ಬಾರಿಗೆ ನಡೆದ ಐರನ್‌ಮ್ಯಾನ್ 70.3 ಎಂಬ ಸ್ಪರ್ಧೆಯು 1.9 ಕಿಲೋಮೀಟರ್ ಈಜು, 90 ಕಿಲೋಮೀಟರ್ ಸೈಕಲ್ ಮತ್ತು 21.1 ಕಿಲೋಮೀಟರ್ ಓಟವನ್ನು ಒಳಗೊಂಡಿದ್ದು, ಹೆಸರಿನಲ್ಲಿರುವ ಸಂಖ್ಯೆಯು ಈ ಮೂರರ ಮೊತ್ತವನ್ನು ಮೈಲಿಗಳಲ್ಲಿ ಹೇಳುತ್ತದೆ. ಬಟ್ಟೆ ಬದಲಿಸುವ ದೂರವನ್ನು ಆ ಮೊತ್ತಕ್ಕೆ ಸೇರಿಸಿಲ್ಲವಾದರೂ ಸಮಯವನ್ನು ಮಾತ್ರ ದಾಕ್ಷಿಣ್ಯವಿಲ್ಲದೆ ಸೇರಿಸುತ್ತಾರೆ. ಸೈಕಲ್‌ಗಳನ್ನು ಸಾಲಾಗಿ ತೂಗುಹಾಕಿದ ಟ್ರಾನ್ಸಿಷನ್ ಆವರಣವು ಯಕ್ಷಗಾನದ ಚೌಕಿಯನ್ನು ಹೋಲುತ್ತದೆ. ವ್ಯತ್ಯಾಸವಿಷ್ಟೆ, ಇಲ್ಲಿ ಒಂದು ವೇಷ ಕಳಚಿ ಇನ್ನೊಂದು ವೇಷ ಕಟ್ಟುವವನಿಗೆ ಸಹಾಯಕರಿಲ್ಲ, ಹೊರಗೆ ಭಾಗವತರು ಕಾಯುವುದೂ ಇಲ್ಲ. ಮೇಲಾಗಿ ನಿಯಮಗಳಿವೆ: ಹೆಲ್ಮೆಟ್ಟನ್ನು ತಲೆಗೆ ಹಾಕಿ ಅದರ ಪಟ್ಟಿಯನ್ನು ಗದ್ದದ ಕೆಳಗೆ ಬಿಗಿಯುವ ಮೊದಲು ಸೈಕಲ್ಲನ್ನು ಅದರ ಜಾಗದಿಂದ ತೆಗೆಯುವಂತಿಲ್ಲ, ತೆಗೆದ ಮೇಲೆ ನೆಲದಲ್ಲಿ ಎಳೆದ ಏರುಗೆರೆಯನ್ನು ದಾಟುವವರೆಗೆ ಅದನ್ನು ತಳ್ಳಿಕೊಂಡೇ ಓಡಬೇಕು. ಸುಮಾರು ಮುಕ್ಕಾಲು ಗಂಟೆ ಮಲಗಿದ ಭಂಗಿಯಲ್ಲಿದ್ದು ಥಟ್ಟನೆ ಎದ್ದು ನಿಂತ ದೇಹದಲ್ಲಿ ರಕ್ತವು ಕಾಲುಗಳತ್ತ ಇಳಿದು ತಲೆ ತಿರುಗುತ್ತಿರುವಾಗ, ಬೆರಳ ಸಂದುಗಳಲ್ಲಿ ಮರಳು ಕಚ್ಚಿಕೊಂಡಿರುವಾಗ, ಈ ವಿಧಿಗಳನ್ನು ಕ್ರಮ ತಪ್ಪದೆ ಪಾಲಿಸುವುದೇ ಒಂದು ವಿದ್ಯೆ.

ಇಂಥ ಹೊತ್ತಿನಲ್ಲಿ ಸ್ಪರ್ಧಿಗೆ ನೆರವಾಗಲೆಂದು ವಾಚಿನಲ್ಲಿ ಇರಿಸಿರುವ ಸೌಕರ್ಯಕ್ಕೆ ಮಲ್ಟಿಸ್ಪೋರ್ಟ್ ಮೋಡ್ ಎಂದು ಹೆಸರು. ಸಾಮಾನ್ಯ ಬಳಕೆಯಲ್ಲಿ ಒಂದು ಕ್ರೀಡೆಯನ್ನು ನಿಲ್ಲಿಸಿ, ಉಳಿಸಿ, ಪಟ್ಟಿಯಲ್ಲಿ ಇನ್ನೊಂದನ್ನು ಹುಡುಕಿ ಆರಂಭಿಸಬೇಕಾದರೆ, ಇಲ್ಲಿ ಇಡೀ ಸರಣಿಯನ್ನು ಮೊದಲೇ ಪೋಣಿಸಿಟ್ಟು, ಲ್ಯಾಪ್ ಗುಂಡಿ ಎಂಬ ಒಂದೇ ಒಂದು ಗುಂಡಿಯನ್ನು ಒತ್ತಿದಾಗಲೆಲ್ಲ ಮುಂದಿನ ಅಂಕಕ್ಕೆ ಹೋಗುವಂತೆ ಏರ್ಪಡಿಸಲಾಗಿದೆ. ಒತ್ತಿದ ಮರುಕ್ಷಣದಲ್ಲಿ ವಾಚಿನ ಸ್ವಭಾವವೇ ಬದಲಾಗುತ್ತದೆ. ಈಜಿನಲ್ಲಿ ಅದು ತೋಳಿನ ಬೀಸನ್ನು ಎಣಿಸುತ್ತಿರುತ್ತದೆ. ಉಪಗ್ರಹದ ಸಂಕೇತ ನೀರಿನೊಳಗೆ ಇಳಿಯದ ಕಾರಣ ಕೈ ಮೇಲೆದ್ದಾಗಲೆಲ್ಲ ಸಿಕ್ಕಷ್ಟು ಸಂಕೇತವನ್ನು ಹೆಕ್ಕಿಕೊಂಡು ದಾರಿಯನ್ನು ಅಂದಾಜಿಸುತ್ತಿರುತ್ತದೆ. ಸೈಕಲ್ ಸವಾರಿಯಲ್ಲಿ ತೋಳನ್ನು ಮರೆತು, ಪೆಡಲಿಗೆ ಕಟ್ಟಿದ ಶಕ್ತಿಮಾಪಕವಿದ್ದರೆ ಅದರ ಮಾತು ಕೇಳುತ್ತದೆ. ಓಟದಲ್ಲಿ ಹೆಜ್ಜೆಗಳನ್ನು ಲೆಕ್ಕ ಹಾಕುತ್ತದೆ. ವೇಗವನ್ನು ಹೇಳುವ ಭಾಷೆಯೂ ಬದಲಾಗಿ, ಈಜಿಗೆ ನೂರು ಮೀಟರಿಗೆ ಇಷ್ಟು ನಿಮಿಷ, ಸೈಕಲ್ಲಿಗೆ ಗಂಟೆಗೆ ಇಷ್ಟು ಕಿಲೋಮೀಟರ್, ಓಟಕ್ಕೆ ಕಿಲೋಮೀಟರಿಗೆ ಇಷ್ಟು ನಿಮಿಷ ಎಂದಾಗುತ್ತದೆ. ಇಷ್ಟೆಲ್ಲ ಬಲ್ಲ ಈ ಯಂತ್ರಕ್ಕೆ ತಿಳಿಯದ ಸಂಗತಿ ಒಂದೇ: ತನ್ನ ಒಡೆಯ ಈಗ ನೀರಿನಲ್ಲಿದ್ದಾನೋ, ನೆಲದ ಮೇಲಿದ್ದಾನೋ ಎಂಬುದು. ಅದನ್ನು ಒಡೆಯನ ಬೆರಳೇ ಹೇಳಬೇಕು, ಒಡೆಯನಿಗಾದರೋ ಆ ಹೊತ್ತಿನಲ್ಲಿ ತನಗೆ ಬೆರಳಿದೆ ಎಂಬುದೇ ಮರೆತಿರುತ್ತದೆ.

ಮರೆವಿನ ಫಲವನ್ನು ಅಂಕಿಗಳಲ್ಲಿ ನೋಡುವುದು ಒಳ್ಳೆಯದು. ಬೆಂಗಳೂರಿನಿಂದ ಗೋವಾಕ್ಕೆ ಬಂದ ಒಬ್ಬ ಕಾಲ್ಪನಿಕ ಸ್ಪರ್ಧಿಯ ನಿಜವಾದ ಸಮಯವು ಈಜಿಗೆ 48 ನಿಮಿಷ 10 ಸೆಕೆಂಡ್, ಟಿ-1ಕ್ಕೆ 6 ನಿಮಿಷ 20 ಸೆಕೆಂಡ್, ಸೈಕಲ್ಲಿಗೆ 3 ಗಂಟೆ 25 ನಿಮಿಷ, ಟಿ-2ಕ್ಕೆ ನಾಲ್ಕೂವರೆ ನಿಮಿಷ, ಓಟಕ್ಕೆ 2 ಗಂಟೆ 31 ನಿಮಿಷ, ಒಟ್ಟು 6 ಗಂಟೆ 55 ನಿಮಿಷ ಎಂದಿರಲಿ. ಆತ ನೀರಿನಿಂದ ಎದ್ದಾಗ ಗುಂಡಿ ಒತ್ತಲು ಮರೆತು, ಏರುಗೆರೆಯ ಬಳಿ ನೆನಪಾಗಿ ಒಮ್ಮೆ ಒತ್ತಿದನೆನ್ನೋಣ. ಒತ್ತಿದ್ದು ಸರಿಯಾದ ಜಾಗದಲ್ಲೇ. ಆದರೆ ವಾಚಿನ ಮಟ್ಟಿಗೆ ಅದು ಮೊದಲನೆಯ ಒತ್ತಾದ್ದರಿಂದ, ಈಗ ಟಿ-1 ಆರಂಭವಾಯಿತೆಂದು ಅದು ಶ್ರದ್ಧೆಯಿಂದ ಬರೆದುಕೊಳ್ಳುತ್ತದೆ. ಹೀಗೆ ಸೈಕಲ್ ತುಳಿಯುತ್ತಿರುವವನು ವಾಚಿನ ದೃಷ್ಟಿಯಲ್ಲಿ ಇನ್ನೂ ಬಟ್ಟೆ ಬದಲಿಸುತ್ತಿದ್ದಾನೆ. ಹನ್ನೆರಡು ನಿಮಿಷ ಕಳೆದ ಮೇಲೆ, ಪರದೆಯಲ್ಲಿ ಸೈಕಲ್ಲಿನ ಅಂಕಿಗಳು ಕಾಣುತ್ತಿಲ್ಲವೆಂದು ಗಮನಿಸಿ ಆತ ಇನ್ನೊಮ್ಮೆ ಒತ್ತುತ್ತಾನೆ. ಪರಿಣಾಮವಾಗಿ ಆ ದಿನದ ದಾಖಲೆಯಲ್ಲಿ, ಹನ್ನೆರಡು ನಿಮಿಷಗಳ ಕಾಲ ಗಂಟೆಗೆ 26 ಕಿಲೋಮೀಟರ್ ವೇಗದಲ್ಲಿ ಐದು ಕಿಲೋಮೀಟರಿಗೂ ಹೆಚ್ಚು ದೂರ ಸಾಗುತ್ತ ಬಟ್ಟೆ ಬದಲಿಸಿದ ಅಪೂರ್ವ ಸಾಧನೆಯೊಂದು ಸೇರ್ಪಡೆಯಾಗುತ್ತದೆ, ಮತ್ತು ಸೈಕಲ್ ಸವಾರಿಯ ದೂರವು 85 ಕಿಲೋಮೀಟರಿಗಿಂತ ತುಸು ಕಡಿಮೆಯಾಗುತ್ತದೆ.

ಇದಕ್ಕಿಂತ ಸ್ವಾರಸ್ಯಕರವಾದುದು ಈಜಿನ ಗತಿ. ಗುಂಡಿ ತಡವಾದ್ದರಿಂದ ಈಜಿನ ಅವಧಿಯು 54 ನಿಮಿಷ 30 ಸೆಕೆಂಡಿಗೆ ಹಿಗ್ಗಿ, 1.9 ಕಿಲೋಮೀಟರಿಗೆ ಭಾಗಿಸಿದಾಗ ನೂರು ಮೀಟರಿಗೆ 2 ನಿಮಿಷ 32 ಸೆಕೆಂಡಿನ ಬದಲು 2 ನಿಮಿಷ 52 ಸೆಕೆಂಡ್ ಆಗಿ ಸ್ಪರ್ಧಿಯ ಮಾನ ಹೋಗಬೇಕಿತ್ತು. ಆದರೆ ದಡ ಸೇರಿದ ಮೇಲೆ ಉಪಗ್ರಹದ ಸಂಕೇತ ನಿರಾತಂಕವಾಗಿ ಸಿಗುವುದರಿಂದ, ಮರಳಿನ ಮೇಲೂ ಆವರಣದೊಳಗೂ ಓಡಾಡಿದ ಸುಮಾರು ನಾನೂರು ಮೀಟರನ್ನು ವಾಚು ಈಜಿದ ದೂರಕ್ಕೇ ಸೇರಿಸಿಕೊಂಡರೆ, 2.3 ಕಿಲೋಮೀಟರಿಗೆ ಹಂಚಿದ ಗತಿಯು 2 ನಿಮಿಷ 22 ಸೆಕೆಂಡಿಗೆ ಇಳಿಯುತ್ತದೆ. ಅಂದರೆ ಗುಂಡಿ ಒತ್ತಲು ಮರೆತವನು ನೆನಪಿಟ್ಟು ಒತ್ತಿದವನಿಗಿಂತ ಒಳ್ಳೆಯ ಈಜುಗಾರನಾಗುತ್ತಾನೆ. ಈ ಕೀರ್ತಿಯನ್ನು ಆತ ಮಿತ್ರರಿಗೆ ತೋರಿಸುವ ಮೊದಲು ನಕ್ಷೆಯನ್ನೊಮ್ಮೆ ನೋಡಿಕೊಳ್ಳುವುದು ಕ್ಷೇಮಕರ. ಈಜಿನ ಗೆರೆಯ ಬಾಲವು ಕಡಲಿನಿಂದ ಹೊರಬಂದು ಸೈಕಲ್‌ಗಳ ನಡುವೆ ಸುಳಿದಾಡುತ್ತಿದ್ದರೆ, ತೋಳಿನ ಬೀಸುಗಳ ಎಣಿಕೆ ನಿಂತ ಬಳಿಕವೂ ದೂರ ಬೆಳೆಯುತ್ತ ಹೋಗಿದ್ದರೆ, ಗುಟ್ಟು ರಟ್ಟಾದಂತೆಯೇ.

ಇಷ್ಟು ಅನಾಹುತದ ನಡುವೆಯೂ ವಾಚಿನಲ್ಲಿ ಒಟ್ಟು ಸಮಯ 6 ಗಂಟೆ 55 ನಿಮಿಷವೇ ಆಗಿರುತ್ತದೆ ಎಂಬುದು ಗಮನಾರ್ಹ, ಏಕೆಂದರೆ ಗುಂಡಿಯು ಸಮಯವನ್ನು ಕತ್ತರಿಸುತ್ತದೆಯೇ ಹೊರತು ಕೂಡಿಸುವುದೂ ಇಲ್ಲ, ಕಳೆಯುವುದೂ ಇಲ್ಲ. ಸಂಘಟಕರ ಫಲಿತಾಂಶಕ್ಕಂತೂ ವಾಚಿನ ಹಂಗೇ ಇಲ್ಲ. ಸ್ಪರ್ಧಿಯ ಕಾಲಿನ ಗಂಟಿಗೆ ಕಟ್ಟಿದ ಚಿಪ್, ನೀರಿನ ಅಂಚಿನಲ್ಲಿಯೂ ಆವರಣದ ಬಾಗಿಲುಗಳಲ್ಲಿಯೂ ಹಾಸಿದ ಚಾಪೆಗಳನ್ನು ದಾಟುವಾಗ, ಒಡೆಯನ ನೆನಪಿನ ಶಕ್ತಿಯನ್ನು ಅವಲಂಬಿಸದೆ ತನ್ನ ಕೆಲಸ ಮುಗಿಸಿರುತ್ತದೆ. ಆದುದರಿಂದ ಅನುಭವಿಗಳು ತಮ್ಮ ಗುಂಡಿಯನ್ನೂ ಆ ಚಾಪೆಗಳ ಮೇಲೆಯೇ ಒತ್ತುವ ರೂಢಿ ಇರಿಸಿಕೊಳ್ಳುತ್ತಾರೆ. ಕಾಲು ಚಾಪೆಗೆ, ಬೆರಳು ಗುಂಡಿಗೆ ಎಂಬಷ್ಟು ಸರಳವಾದ ಈ ಸೂತ್ರ ಪಾಲನೆಯಾದರೆ ಎರಡು ದಾಖಲೆಗಳು ಕೆಲವೇ ಸೆಕೆಂಡುಗಳ ಅಂತರದಲ್ಲಿ ಹೊಂದಿಕೊಳ್ಳುತ್ತವೆ.

ಮರೆವಿಗಿಂತ ಕೆಡುಕಾದುದು ಬೇಡದ ಹೊತ್ತಿನ ಒತ್ತು. ಎಡಗೈಗೆ ಕಟ್ಟಿದ ವಾಚಿನ ಬಲಬದಿಯ ಗುಂಡಿಗಳು ಹಸ್ತದ ಕಡೆಗೇ ಇರುವುದರಿಂದ, ಮಣಿಕಟ್ಟು ಹಿಂದಕ್ಕೆ ಬಾಗಿದಾಗ ಕೈಯೇ ಗುಂಡಿಯನ್ನು ಒತ್ತಿಬಿಡುವುದುಂಟು. ನೂರಾರು ಜನ ಒಟ್ಟಿಗೆ ನೀರಿಗೆ ನುಗ್ಗಿದಾಗ ಪಕ್ಕದವನ ಹಿಮ್ಮಡಿಯೂ ಆ ಉಪಕಾರವನ್ನು ಮಾಡಬಲ್ಲದು. ಆಗ ಕಡಲಿನ ನಡುವೆಯೇ ಟಿ-1 ಆರಂಭವಾಗಿ, ಮುಂದಿನ ಪ್ರತಿಯೊಂದು ಒತ್ತೂ ಒಂದು ಮೆಟ್ಟಿಲು ಮುಂದೆ ಹೋಗಿ, ಸೈಕಲ್ ಏರುವ ಹೊತ್ತಿಗೆ ವಾಚು ಟಿ-2ರಲ್ಲಿ ಕಾಲುಚೀಲ ಬದಲಿಸುತ್ತ ಕುಳಿತಿರುತ್ತದೆ. ಇದನ್ನು ತಡೆಯಲು ಈಜಿನ ಅವಧಿಯಲ್ಲಿ ಗುಂಡಿಗಳಿಗೂ ಪರದೆಯ ಸ್ಪರ್ಶಕ್ಕೂ ಬೀಗ ಹಾಕುವ ವ್ಯವಸ್ಥೆ ಹಲವು ವಾಚುಗಳಲ್ಲಿದೆ. ಆದರೆ ಬೀಗವಿದ್ದ ಮೇಲೆ ತೆಗೆಯುವ ಕ್ರಮವೂ ಇರಬೇಕಷ್ಟೆ. ಗುಂಡಿಯನ್ನು ಕೆಲಕಾಲ ಅದುಮಿ ಹಿಡಿದರೆ ಮಾತ್ರ ತೆರೆಯುವ ಬೀಗವನ್ನು, ತಲೆ ತಿರುಗುತ್ತಿರುವವನು ಮರಳಿನಲ್ಲಿ ಓಡುತ್ತ, ಇನ್ನೊಂದು ಕೈಯಲ್ಲಿ ಈಜುಗನ್ನಡಕ ಹಿಡಿದುಕೊಂಡು ತೆರೆಯಬೇಕಾಗುತ್ತದೆ.

ಬೆರಳಿನ ಮೇಲೆ ನಂಬಿಕೆ ಕಳೆದುಕೊಂಡ ತಯಾರಕರು ಬದಲಾವಣೆಯನ್ನು ವಾಚಿಗೇ ಬಿಟ್ಟುಕೊಟ್ಟ ಮಾದರಿಗಳೂ ಬಂದಿವೆ. 2022ರಲ್ಲಿ ಆಪಲ್ ವಾಚಿಗೆ ಬಂದ ಮಲ್ಟಿಸ್ಪೋರ್ಟ್ ಸೌಕರ್ಯವು ದೇಹದ ಚಲನೆಯ ವಿನ್ಯಾಸವನ್ನು ನೋಡಿ ಕ್ರೀಡೆ ಬದಲಾದುದನ್ನು ತಾನೇ ಗುರುತಿಸುತ್ತದೆ. ತೋಳು ಬೀಸುವುದು ನಿಂತು ಹೆಜ್ಜೆಯ ಲಯ ಮೂಡಿದರೆ ನೀರು ಮುಗಿಯಿತೆಂದೂ, ಹೆಜ್ಜೆಯಿಲ್ಲದೆ ವೇಗ ಮಾತ್ರ ಇದ್ದರೆ ಸೈಕಲ್ ಬಂತೆಂದೂ ತರ್ಕಿಸುವುದು ಕಷ್ಟವಲ್ಲ. ಆದರೂ ತರ್ಕಕ್ಕೆ ಸಾಕ್ಷ್ಯ ಬೇಕು, ಸಾಕ್ಷ್ಯಕ್ಕೆ ಸಮಯ ಬೇಕು. ಸೈಕಲ್ಲನ್ನು ತಳ್ಳಿಕೊಂಡು ಓಡುವವನ ಒಂದು ಕೈ ಸೀಟಿನ ಮೇಲೆ ನಿಶ್ಚಲವಾಗಿದ್ದು ಕಾಲುಗಳು ಮಾತ್ರ ಓಡುತ್ತಿರುವಾಗ, ಅದು ಯಾವ ಕ್ರೀಡೆಯೆಂದು ನೋಡುವ ಮನುಷ್ಯನಿಗೂ ಸಂಶಯ ಬರುವಂತಿರುತ್ತದೆ.

ಟಿ-2ರಲ್ಲಿ ಇಂಥ ಸಂಶಯಕ್ಕೆ ಎಡೆ ಕಡಿಮೆ. ಸೈಕಲ್ಲನ್ನು ಸ್ವಸ್ಥಾನದಲ್ಲಿ ತೂಗುಹಾಕಿ, ಆನಂತರವೇ ಹೆಲ್ಮೆಟ್ ಪಟ್ಟಿ ಬಿಚ್ಚಿ, ಬೂಟು ಬದಲಿಸಿ ಹೊರಡುವುದಷ್ಟೇ ಅಲ್ಲಿನ ಕೆಲಸವಾದ್ದರಿಂದ ಅದು ಟಿ-1ಕ್ಕಿಂತ ಬೇಗ ಮುಗಿಯುತ್ತದೆ, ಗುಂಡಿಯೂ ಅಲ್ಲಿ ಹೆಚ್ಚಾಗಿ ಸರಿಯಾಗಿಯೇ ಒತ್ತಲ್ಪಡುತ್ತದೆ. ಮೂರೂವರೆ ಗಂಟೆ ತಲೆಯ ಮೇಲಿದ್ದು ಅಂಗವೇ ಆಗಿಹೋದ ಹೆಲ್ಮೆಟ್ಟನ್ನು ತೆಗೆಯಲು ಮರೆತು, ಅದರೊಂದಿಗೇ ಗಂಭೀರವಾಗಿ ಓಟಕ್ಕೆ ಹೊರಡುವವರು ಮಾತ್ರ ಅಪರೂಪಕ್ಕೆ ಕಾಣಸಿಗುತ್ತಾರೆ. ಪ್ರೇಕ್ಷಕರು ಕೂಗಿ ಹೇಳುವವರೆಗೂ ವಾಚು ಅವರ ಹೆಜ್ಜೆಗಳನ್ನು ಎಣಿಸುತ್ತ, ಕಿಲೋಮೀಟರಿಗೆ ಇಷ್ಟು ನಿಮಿಷವೆಂದು ಲೆಕ್ಕ ಒಪ್ಪಿಸುತ್ತ, ತಲೆಯ ವಿಚಾರ ತನ್ನದಲ್ಲವೆಂಬಂತೆ ಸುಮ್ಮನಿರುತ್ತದೆ.