ಚಾಕು ಹುಡುಕೋದನ್ನ ಯಾರು ನೋಡ್ತಾರೋ ಅಳಿಯಾ?

ನಮ್ಮ ಅಕ್ಕನ ಮಗ ಡಬ್ಬಿ ಬಿಚ್ಚೋ ಮೊದಲು ಚಾಕು ಹುಡುಕತಾನ. ಸಿಕ್ಕ ಮ್ಯಾಲೆ ಟೇಪು ಹರಿಯಂಗಿಲ್ಲ. ಹರಿದ ಮ್ಯಾಲೆ ಥರ್ಮಾಕೋಲು ಕೀರ್ ಅಂತದ. ಇಷ್ಟರೊಳಗ ಮೂರು ನಿಮಿಷ ಹೋತು, ಪಂಪಿನ ಮಾರಿ ಇನ್ನೂ ಕಂಡಿಲ್ಲ. ಝಳಕಿ ಕ್ರಾಸಿನ ಮಂದಿ ಅಷ್ಟು ಹೊತ್ತು ವಿಜಯಪುರ ಬಸ್ಸಿಗೂ ಕಾಯಂಗಿಲ್ಲ, ಟಂಟಂ ಹತ್ತಿ ಹೋಗ್ತಾರ.

ವಿಷಯ ಏನಂದ್ರ, ಅವ ಹದಿನಾರು ಲೀಟರಿನ ಬ್ಯಾಟರಿ ಪಂಪಿನ ವಿಡಿಯೋ ಮಾಡ್ಯಾನ. ಇಂಡಿ ಕಡೆ ಲಿಂಬಿ ತ್ವಾಟದವರು ಬೆನ್ನಿಗೆ ಹಾಕ್ಕೊಂಡು ಎಣ್ಣಿ ಹೊಡೀತಾರಲ್ಲ, ಅದು. ರೆಕಾರ್ಡು ಆದದ್ದು ಇಪ್ಪತ್ತೆರಡು ನಿಮಿಷ. ‘ಮಾಮಾ, ಆರಕ್ಕ ಇಳಸ್ರಿ’ ಅಂತ ಫೋನು ನನ್ನ ಕೈಯಾಗ ಇಟ್ಟ.

ಕೈನ್‌ಮಾಸ್ಟರಿನಾಗ ಧ್ವನಿಯ ಗೆರಿ ಎಲ್ಲಿ ಸಪಾಟ ಐತಿ, ಅಲ್ಲಿ ಮಾತಿಲ್ಲ ಅಂತ ಅರ್ಥ. ಅದನ್ನ ಕತ್ತರಿಸೋದು ಸುಲಭ, ಅಲ್ಲೇ ಮೋಸ ಹೋಗೋದೂ ಸುಲಭ. ನಮ್ಮ ಮಂದಿ ಮಾತು ಜೋರಾಗಿ ಎತ್ತಿ ಕೊನೀಗೆ ಮೆತ್ತಗ ಇಳಸ್ತಾರ, ಕ್ರಿಯಾಪದ ಇರೋದೇ ಆ ಕೊನ್ಯಾಗ. ಅಳಿಯ ಹೇಳಿದ್ದು: ‘ಒಂದ ವರ್ಷ ವಾರಂಟಿ ಐತಿ. ಬ್ಯಾಟರಿಗೆ ಮಾತ್ರ... ಇಲ್ಲ.’ ಆ ‘ಇಲ್ಲ’ ಗಂಟಲಾಗೇ ಉಳದಿತ್ತು, ಗೆರಿ ಏಳಲೇ ಇಲ್ಲ. ಅವ ಮೊದಲು ತಾನೇ ಕತ್ತರಿಸಿದ ಪ್ರತಿಯೊಳಗ ಅದು ಹಾರಿ, ‘ಬ್ಯಾಟರಿಗೆ ಮಾತ್ರ’ ಅಂತ ನಿಂತಿತ್ತು. ಕೆಡೋದೇ ಬ್ಯಾಟರಿ, ಅದಕ್ಕ ವಾರಂಟಿ ಕೊಟ್ಟಾಂವ ಅಂಗಡಿಯವ ಅಲ್ಲ, ನಮ್ಮ ಅಳಿಯ! ಅದಕ್ಕ ಕಿವಿಗೆ ಇಯರ್‌ಫೋನ್ ಹಾಕ್ಕೊಂಡು, ಕೊನೆ ಅಕ್ಷರ ಕೇಳಿ, ಅದರ ಮುಂದ ಸೆಕೆಂಡಿನ ಐದನೇ ಒಂದು ಪಾಲು ಬಿಟ್ಟು ಕತ್ತರಿ ಹಾಕಬೇಕು. ಆ ಉಸಿರೂ ತೆಗದ್ರ ಮಾತಾಡೋನು ಸಂತಿ ಹರಾಜಿನವನಂಗ ಕೇಳತಾನ.

ಕತ್ತರಿಸಿದ ಕಡೆ ಅವನ ತಲಿ ಟಕ್ ಅಂತ ಜಿಗೀತದ. ಅದನ್ನ ಮುಚ್ಚಲಿಕ್ಕೆ ಬ್ಯಾರೆ ದೃಶ್ಯ ಬೇಕು: ನಾಜಲ್ಲು, ಬೆಲ್ಟಿನ ಬಕಲ್ಲು, ಜಾಳಿಗಿ, ಸ್ವಿಚ್ಚು. ಒಂದೊಂದನ್ನ ಕೈ ಅಲುಗಾಡದಂಗ ಐದಾರು ಸೆಕೆಂಡ್ ತೆಗೆದಿಟ್ರ ಮೂರು ಸೆಕೆಂಡ್ ಉಪಯೋಗಕ್ಕ ಬರತದ. ಮೂಲ ವಿಡಿಯೋದ ಮ್ಯಾಲೆ ಲೇಯರ್ ಅಂತ ಕೂಡಿಸಿ ಅದರ ಧ್ವನಿ ಬಂದ್ ಮಾಡೋದು, ಕೆಳಗ ಇವನ ಮಾತು ನಡೀತಿರಬೇಕು. ಕತ್ತರಿ ಬಿದ್ದ ಜಾಗಕ್ಕ ಸ್ವಲ್ಪ ಮೊದಲೇ ಆ ದೃಶ್ಯ ಬಂದ್ರ ಗಂಟು ಗೊತ್ತಾಗಂಗಿಲ್ಲ. ಆದ್ರ ಕಣ್ಣು ಮೋಸ ಹೋದ್ರೂ ಕಿವಿ ಹೋಗಂಗಿಲ್ಲ. ಹೊರಗ ಸೊಲ್ಲಾಪುರ ಹೈವೇ, ಗಾಡಿಗಳ ಸದ್ದು ಅರ್ಧಕ್ಕ ಕಡದು ಬಿದ್ರ ಎಲ್ಲಾ ಬಯಲು. ಅದಕ್ಕ ಅದೇ ಪಡಸಾಲ್ಯಾಗ ಯಾರೂ ಮಾತಾಡದ ಅರ್ಧ ನಿಮಿಷ ಬ್ಯಾರೆ ರೆಕಾರ್ಡು ಮಾಡಿ, ಮತ್ತ ಮತ್ತ ಜೋಡಿಸಿ ಇಡೀ ವಿಡಿಯೋದ ಅಡಿಗೆ ಸಣ್ಣಗ ಹಾಸಬೇಕು.

ಇನ್ನ ಜಗಳ ಬಂತು. ನೀರು ತುಂಬಿ ಸ್ವಿಚ್ ಹಾಕಿದಾಗ ಗನ್ನಿನ ಬುಡದಾಗ ಹನಿ ಹನಿ ಸೋರಿತ್ತು. ಅಳಿಯ ಅದರ ಮ್ಯಾಲೆ ಲಿಂಬಿ ಹೂವಿನ ಚಂದದ ದೃಶ್ಯ ಅಂಟಿಸಿದ್ದ. ‘ಅಲ್ಲೊಂದು ಕಟ್ ಐತಿ ಮಾಮಾ’ ಅಂದ. ಕಟ್ ಎಲ್ಲೈತೊ? ಸೋರಿಕಿ ಐತಿ! ಹೂವು ತೆಗಿಸಿದೆ. ಸೋರೋದು, ಅವ ವಾಷರ್ ಬಿಗಿ ಮಾಡೋದು, ಆ ಮ್ಯಾಲೆ ನಿಂತದ್ದು, ಎಲ್ಲಾ ಒಂದೇ ಓಟದಾಗ ಬಿಟ್ಟೆ. ಅಲ್ಲಿ ಮಾತಿಲ್ಲ, ಮೋಟಾರಿನ ಗುಂಯ್ ಅಷ್ಟೇ. ಅಂಥಾ ಮೌನಕ್ಕ ಕತ್ತರಿ ಹಾಕಬಾರದು, ಕೊಳ್ಳೋನು ನೋಡಾಕ ಬಂದದ್ದೇ ಅದನ್ನ. ಬ್ಯಾಟರಿ ಎಷ್ಟೊತ್ತು ನಡೀತು ಅನ್ನೋದನ್ನ ಮಾತ್ರ ಪೂರ್ತಿ ತೋರಸ್ಲಿಕ್ಕಾಗಂಗಿಲ್ಲ. ಸುರುವಿಗೊಮ್ಮೆ, ಕೊನೀಗೊಮ್ಮೆ ಗೋಡಿ ಗಡಿಯಾರ ತೋರಿಸಿದ್ವಿ. ಡಬ್ಬಿ ಮ್ಯಾಲೆ ಇಪ್ಪತ್ತು ಟ್ಯಾಂಕು ಅಂತ ಬರದದ, ಇಲ್ಲಿ ಆದದ್ದು ಹದಿನಾಲ್ಕು.

ಪಂಪು ಅಂಗಡಿಯವರು ಪುಕ್ಕಟ ಕೊಟ್ಟದ್ದು ಅಂತ ಆಮ್ಯಾಲೆ ಬಾಯಿ ಬಿಟ್ಟ. 2023ರ ಜನವರಿಯೊಳಗ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ಮಾರ್ಗಸೂಚಿ ಹೊರಡಿಸ್ಯದ: ಪುಕ್ಕಟ ಬಂದ ಮಾಲಿನ ಬಗ್ಗೆ ಮಾತಾಡಿದ್ರ ಹಂಗಂತ ಎದ್ದು ಕಾಣೋ ಹಂಗ ಹೇಳಬೇಕು, ಮಾತು ಯಾವ ಭಾಷೆಯಾಗೋ ಆ ಭಾಷೆಯಾಗೇ. ವಿಡಿಯೋ ಅಂದ್ರ ಕೆಳಗ ಬರದ್ರ ಸಾಲದು, ಬಾಯಲೂ ಹೇಳಬೇಕು. ಅದನ್ನ ಮೊದಲನೇ ನಿಮಿಷದಾಗೇ ಹೇಳಿಸಿದೆ. ಅಳಿಯನ ಮಾರಿ ಹುಣಸಿ ತಿಂದಂಗಾತು.

ಕಡೀಗೆ ತೀರ್ಪು. ಅವ ಹೇಳಿದ್ದು, ‘ಒಟ್ನ್ಯಾಗ ಚೊಲೋನೂ ಐತಿ, ಆದ್ರ ನೋಡ್ರಿ, ನಿಮ್ಮಿಷ್ಟ.’ ಪಂಚಾಯ್ತಿ ಕಟ್ಟಿ ಮ್ಯಾಲೆ ಕುಂತು ಇಬ್ಬರ ಕಡೀನೂ ಚಾ ಕುಡದೋನ ಮಾತಿದು. ಮತ್ತೊಮ್ಮೆ ಕ್ಯಾಮೆರಾ ಮುಂದ ನಿಲ್ಲಿಸಿದೆ. ಸಂಗೀತ ಇಲ್ಲ, ಹೂವಿಲ್ಲ, ಮ್ಯಾಲೆ ಯಾವ ದೃಶ್ಯನೂ ಇಲ್ಲ, ಬರೇ ಅವನ ಮಾರಿ, ಇಪ್ಪತ್ತು ಸೆಕೆಂಡು: ‘ಗಿಡ ಎದಿಮಟ್ಟ ಇದ್ದವರು, ಎಕರೆ ಎರಡೆಕರೆಯವರು ತಗೋರಿ. ಗಿಡ ದೊಡ್ಡವಾಗ್ಯಾವು ಅಂದ್ರ ಇದರ ನೀರು ತುದಿಗೆ ಮುಟ್ಟಂಗಿಲ್ಲ, ಎಚ್‌ಟಿಪಿ ಪಂಪೇ ಬೇಕು. ಬ್ಯಾಟರಿಗೆ ವಾರಂಟಿ ಇಲ್ಲ.’

ಈ ಸಲ ‘ಇಲ್ಲ’ ಅನ್ನೋದನ್ನ ಜೋರಾಗೇ ಅಂದ. ಒಳಗ ರೊಟ್ಟಿ ಬಡೀತಿದ್ದ ಅಕ್ಕ ‘ಏನಿಲ್ಲೋ?’ ಅಂತ ಕೇಳಿದ್ದೂ ರೆಕಾರ್ಡಾತು. ಅದನ್ನ ನಾನು ಕತ್ತರಿಸಲಿಲ್ಲ.