ಸೊಂಟದ ಕೆಳಗೆಲ್ಲ ಬೂದು

ಹಳೆಯ ಡಿಸ್ಕಿನಿಂದ ಹೊಸ ಸಂಗ್ರಹಕ್ಕೆ ಲಕ್ಷಗಟ್ಟಲೆ ಛಾಯಾಚಿತ್ರಗಳನ್ನು ಸಾಗಿಸಲು ಹೊರಟವರು ಮೊದಲು ಎಣಿಸುವುದು ಫೈಲುಗಳನ್ನು. ಲೆಕ್ಕ ತಾಳೆಯಾದರೆ ಚಿತ್ರಗಳೂ ಕ್ಷೇಮವೆಂದು ನಂಬುವ ಸಾತ್ವಿಕರು ಅವರು. ಆದರೆ ಅರ್ಧಕ್ಕೇ ತುಂಡಾದ ಫೈಲೂ ಎಣಿಕೆಯಲ್ಲಿ ಒಂದೇ, ಮತ್ತು ನಕಲು ಮಾಡುವ ತಂತ್ರಾಂಶವು ಆ ತುಂಡನ್ನು ಒಂದು ಬೈಟೂ ಬಿಡದೆ ಪರಮನಿಷ್ಠೆಯಿಂದ ನಕಲಿಸುತ್ತದೆ. ಚೆಕ್‌ಸಮ್, ಅಂದರೆ ಫೈಲಿನ ಬೈಟುಗಳನ್ನೆಲ್ಲ ಗಣಿಸಿ ತೆಗೆದ ಗುರುತಿನ ಸಂಖ್ಯೆ, ದಾರಿಯಲ್ಲಿ ಏನೂ ಕೆಡಲಿಲ್ಲವೆಂದು ಸಾಕ್ಷಿ ನುಡಿದೀತೇ ಹೊರತು, ಹೊರಡುವಾಗಲೇ ಕೆಟ್ಟಿದ್ದುದರ ಬಗ್ಗೆ ತುಟಿ ಬಿಚ್ಚದು. ಆದುದರಿಂದ ತಪಾಸಣೆ ಮೊದಲು, ಚೆಕ್‌ಸಮ್ ಆಮೇಲೆ.

ಜೆಪೆಗ್ ಫೈಲು FF D8 ಎಂಬ ಎರಡು ಬೈಟುಗಳಿಂದ ಆರಂಭವಾಗಿ FF D9 ಎಂಬೆರಡರಿಂದ ಮುಗಿಯುತ್ತದೆ. ಕ್ಯಾಮೆರಾಗಳು ಫೈಲಿನ ತಲೆಭಾಗದಲ್ಲಿಯೇ ಅದೇ ಚಿತ್ರದ ಪುಟ್ಟ ಪ್ರತಿಯೊಂದನ್ನು ಹುದುಗಿಸಿಡುವುದುಂಟು. ಅನೇಕ ವೀಕ್ಷಕ ತಂತ್ರಾಂಶಗಳು ಪಟ್ಟಿಯಲ್ಲಿ ತೋರಿಸುವುದು ಈ ಪುಟ್ಟ ಪ್ರತಿಯನ್ನೇ. ಬಾಲ ಕತ್ತರಿಸಿದರೂ ತಲೆ ಉಳಿದಿರುವುದರಿಂದ, ಸತ್ತ ಫೈಲು ಪಟ್ಟಿಯಲ್ಲಿ ನಗುನಗುತ್ತಲೇ ಕುಳಿತಿರುತ್ತದೆ.

ಮದುವೆಯ ಗುಂಪುಚಿತ್ರವೊಂದು 6 ಎಂಬಿ ಇದ್ದು, ಕಾರ್ಡಿನಿಂದ ಇಳಿಸುವಾಗ ಕೇಬಲ್ ಕಳಚಿ 3 ಎಂಬಿ ಮಾತ್ರ ಬಂದಿತೆಂದು ಭಾವಿಸೋಣ. ಸಾಮಾನ್ಯ ಜೆಪೆಗ್ ಮೇಲಿನಿಂದ ಕೆಳಕ್ಕೆ ಸಾಲುಸಾಲಾಗಿ ಬರೆಯಲ್ಪಡುತ್ತದೆ, ಮತ್ತು ಬರಿಯ ಆಕಾಶಕ್ಕೆ ಕೆಲವೇ ಬೈಟು ಸಾಕಾದರೆ ಜರಿಸೀರೆಗೆ ಬೇಕಾಗುವುದು ಬಹಳ. ಹೀಗಾಗಿ ಅರ್ಧ ಬೈಟುಗಳಲ್ಲಿ ಆಕಾಶವೂ ಚಪ್ಪರವೂ ಬಂಧುಗಳ ಮುಖಗಳೂ ಧಾರಾಳವಾಗಿ ದಕ್ಕಿ, ಸೊಂಟದಿಂದ ಕೆಳಗೆ ವಧೂವರರಾದಿಯಾಗಿ ಎಲ್ಲರೂ ಸಮಾನ ಬೂದುಬಣ್ಣಕ್ಕೆ ತಿರುಗುತ್ತಾರೆ. ಚಿತ್ರವನ್ನು ಬಿಡಿಸಿ ತೋರಿಸುವ ಡಿಕೋಡರ್, ಊಟ ಸಾಲದೆ ಬಂದಾಗ ಸಾರಿಗೆ ನೀರು ಬೆರೆಸುವ ಗೃಹಿಣಿಯಂತೆ, ಇಲ್ಲದ ಭಾಗಕ್ಕೆ ಬೂದು ತುಂಬಿ ಮರ್ಯಾದೆ ಉಳಿಸುವುದೇ ಇದಕ್ಕೆ ಕಾರಣ.

ಈ ಔದಾರ್ಯವನ್ನು ಮೀರಬೇಕಾದರೆ ಪ್ರತಿ ಫೈಲನ್ನೂ ಕೊನೆಯವರೆಗೆ ಬಿಡಿಸಿ, ಡಿಕೋಡರ್ ಗೊಣಗಿದ್ದನ್ನು ಬರೆದಿಟ್ಟುಕೊಳ್ಳಬೇಕು:

```
find . -type f -iname '*.jpg' -exec jpeginfo -c {} + > varadi.txt
grep -E 'WARNING|ERROR' varadi.txt
```

ತುಂಡಾದ ಫೈಲಿನ ಎದುರು `Premature end of JPEG file` ಎಂಬ ಗೊಣಗಾಟ ಕಾಣಿಸುತ್ತದೆ. ಇದು ಬರಿಯ ಎಚ್ಚರಿಕೆಯ ದರ್ಜೆಯದಾದ್ದರಿಂದ, ದೋಷಗಳನ್ನು ಮಾತ್ರ ಹುಡುಕುವವರ ಕಣ್ಣಿಗೆ ನಮ್ಮ ವಧೂವರರು ಬೀಳುವುದೇ ಇಲ್ಲ. ಕೊನೆಯ ಎರಡು ಬೈಟುಗಳನ್ನಷ್ಟೇ ನೋಡುವ ಅವಸರದ ಉಪಾಯವೂ ಇದೆಯಾದರೂ, ಕೆಲವು ಫೋನುಗಳು FF D9 ಆದ ಮೇಲೂ ತಮ್ಮದೇ ಮಾಹಿತಿಯನ್ನು ಅಂಟಿಸುವುದರಿಂದ ಅದು ನಿರಪರಾಧಿಗಳನ್ನೂ ಹಿಡಿದು ತರುತ್ತದೆ.

ಪೂರ್ಣ ತಪಾಸಣೆಗೂ ಮಿತಿಯಿದೆ. ಪಿಎನ್‌ಜಿ ಫೈಲಿನ ಪ್ರತಿ ಖಂಡದಲ್ಲೂ ತಾಳೆ ನೋಡುವ ಸಂಖ್ಯೆಯೊಂದಿರುತ್ತದೆ. ಜೆಪೆಗ್‌ಗೆ ಆ ಭಾಗ್ಯವಿಲ್ಲ. ನಡುವೆ ಒಂದು ಬಿಟ್ ಹೊರಳಿದರೆ ಅಲ್ಲಿಂದ ಮುಂದೆ ಬಂಧುಗಳೆಲ್ಲ ನೇರಳೆಯಾಗಿ ಪಕ್ಕಕ್ಕೆ ಜರುಗಿದರೂ ಡಿಕೋಡರ್ ಮೌನವಾಗಿರಬಹುದು, ಅಂತಹವನ್ನು ಹಿಡಿಯಲು ಮನುಷ್ಯನ ಕಣ್ಣೇ ಬೇಕು. ಸಿಕ್ಕಿಬಿದ್ದವುಗಳ ಅಸಲನ್ನಾದರೋ ಹಳೆಯ ಬ್ಯಾಕಪ್‌ನಲ್ಲೋ ಕಾರ್ಡಿನಲ್ಲೋ ಹುಡುಕಬೇಕು, ಅದೂ ಜಾಗ ಉಳಿಸುವ ಉತ್ಸಾಹದಲ್ಲಿ ಯಾರಾದರೂ ಅವನ್ನು ಅಳಿಸುವುದಕ್ಕೆ ಮೊದಲು.